ನಿಯಮದ ಹಿಂದೆ ಅಡಗಿದವರು

ದಸರಾ ಮುಗಿದು ದೀಪಾವಳಿ ಹತ್ತಿರ ಬರುತ್ತಿದ್ದಂತೆ ಪೀಣ್ಯ, ಬೊಮ್ಮಸಂದ್ರ, ಬಿಡದಿ ಕಡೆಯ ದೊಡ್ಡ ಕಾರ್ಖಾನೆಗಳ ಪರ್ಚೇಸ್ ವಿಭಾಗದಿಂದ ಒಂದು ಒಕ್ಕಣೆ ಹೊರಡುತ್ತದೆ. ಊರಿಂದೂರಿಗೆ ಅದರಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ: ‘ನಿಮ್ಮ ಪ್ರೀತಿಗೆ ಧನ್ಯವಾದಗಳು. ಆದರೆ ಕಂಪನಿಯ ನಿಯಮದ ಪ್ರಕಾರ ನಾವು ಉಡುಗೊರೆ ಸ್ವೀಕರಿಸುವಂತಿಲ್ಲ. ದಯವಿಟ್ಟು ಅನ್ಯಥಾ ಭಾವಿಸಬೇಡಿ.’ ವ್ಯವಹಾರ ಶಿಷ್ಟಾಚಾರ ಕಲಿಸುವ ತರಬೇತುದಾರರ ಪಾಲಿಗೆ ಈ ಮೂರು ವಾಕ್ಯ ಒಂದು ಪುಟ್ಟ ಮಾದರಿ ಕೃತಿ. ತಪ್ಪು ನಿಯಮದ ತಲೆಗೆ ಹೋಗುತ್ತದೆ, ನಿರಾಕರಿಸಿದವರು ಒಳ್ಳೆಯವರಾಗಿಯೇ ಉಳಿಯುತ್ತಾರೆ, ಸಂಬಂಧ ಕೆಡುವುದಿಲ್ಲ ಎಂಬುದು ಅವರ ಹೊಗಳಿಕೆ. ಈ ಹೊಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅನರ್ಹವಾದದ್ದೆಂದು ನನ್ನ ಅಭಿಪ್ರಾಯ. ನಿಯಮ ಇರಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಕೈಹಾಕುವುದಿಲ್ಲ, ಇರಲೇಬೇಕು. ನನ್ನ ತಕರಾರು ಅದನ್ನು ಮುಂದಿಡುವ ಈ ರೀತಿಯ ಬಗ್ಗೆ. ಇದು ಉಡುಗೊರೆಯನ್ನೂ ನಿಲ್ಲಿಸುವುದಿಲ್ಲ, ಆತ್ಮೀಯತೆಯನ್ನೂ ಉಳಿಸುವುದಿಲ್ಲ.

ಒಕ್ಕಣೆಯನ್ನೇ ಹತ್ತಿರದಿಂದ ನೋಡೋಣ. ಮೊದಲ ವಾಕ್ಯ ಪ್ರೀತಿಗೆ ಧನ್ಯವಾದ ಹೇಳುತ್ತದೆ, ಆದರೆ ಬಂದದ್ದು ಏನೆಂದು ಹೇಳುವುದಿಲ್ಲ. ಒಂದು ಕೆಜಿ ಮೈಸೂರುಪಾಕಿನ ಡಬ್ಬಕ್ಕೂ, ಒಂದು ಜೊತೆ ಬೆಳ್ಳಿ ದೀಪಕ್ಕೂ, ಮೂರು ದಿನದ ರೆಸಾರ್ಟ್ ಆಹ್ವಾನಕ್ಕೂ ಇದೇ ವಾಕ್ಯ ಸಾಕಾಗುತ್ತದೆ. ಹಾಗೆ ಎಲ್ಲದಕ್ಕೂ ಸಾಕಾಗುವ ಧನ್ಯವಾದ ತನ್ನದಲ್ಲ ಎಂದು ಕೊಟ್ಟವರಿಗೆ ಓದುತ್ತಲೇ ಗೊತ್ತಾಗುತ್ತದೆ. ನಿಜವಾದ ತೊಡಕು ಎರಡನೆಯ ವಾಕ್ಯದಲ್ಲಿದೆ. ‘ಸ್ವೀಕರಿಸುವಂತಿಲ್ಲ’ ಎಂದಾಗ ಬರೆದವರಿಗೆ ಆಸೆಯಿದೆ, ಕೈ ಮಾತ್ರ ಕಟ್ಟಿದೆ ಎಂಬ ಚಿತ್ರ ಬರುತ್ತದೆ. ಬಾಳೆಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎನ್ನುವ ಅತಿಥಿಗೆ ಇನ್ನೊಂದು ಸೌಟು ಬಡಿಸಿಯೇ ಬಡಿಸುವ ನಾಡು ಇದು. ಇಲ್ಲಿ ಇಷ್ಟವಿದ್ದೂ ಬೇಡವೆನ್ನುವ ದನಿಯನ್ನು ಗುರುತಿಸಲು ಯಾರಿಗೂ ಹೇಳಿಕೊಡಬೇಕಿಲ್ಲ. ಹಾಗಾಗಿ ವೆಂಡರ್ ಈ ವಾಕ್ಯದಿಂದ ತಿಳಿದುಕೊಳ್ಳುವುದು ‘ಆಫೀಸಿಗೆ ಬೇಡ’ ಎಂದಷ್ಟೆ. ಮುಂದಿನ ವರ್ಷದ ಡಬ್ಬ ಮನೆಯ ವಿಳಾಸಕ್ಕೆ ಹೋಗುತ್ತದೆ, ಹೆಂಡತಿಯ ಹೆಸರಿಗೆ ಹೋಗುತ್ತದೆ, ಇಲ್ಲವೇ ಮೊಬೈಲಿಗೆ ಗಿಫ್ಟ್ ವೋಚರಿನ ರೂಪದಲ್ಲಿ ಬರುತ್ತದೆ. ಅದನ್ನು ಕಳಿಸಿದ ಯಜಮಾನರು ಧೂರ್ತರೇನಲ್ಲ, ಒಕ್ಕಣೆಯನ್ನು ಬರೆದಂತೆಯೇ ಓದಿದವರು. ಇನ್ನು ಮೂರನೆಯ ವಾಕ್ಯ. ಬೇಸರವಾಗದಂತೆ ನೋಡಿಕೊಳ್ಳಬೇಕಾದ ಹೊಣೆ ಬರೆದವರದು. ‘ಅನ್ಯಥಾ ಭಾವಿಸಬೇಡಿ’ ಎಂದಾಗ ಆ ಹೊಣೆ ಬೇಸರಪಟ್ಟುಕೊಳ್ಳಬೇಕಾದವರ ಹೆಗಲಿಗೇ ಹೋಗಿ ಕೂರುತ್ತದೆ.

ಇದಕ್ಕಿಂತ ದೊಡ್ಡ ದೋಷ ಒಕ್ಕಣೆ ಹೊರಡುವ ಹೊತ್ತಿನದು. ಡಬ್ಬ ಸೆಕ್ಯೂರಿಟಿ ಗೇಟಿಗೆ ಬಂದ ಮೇಲೆ ನೆನಪಾಗುವ ನಿಯಮ ತನಗಾಗಿಯೇ ಮಾಡಿದ್ದೆಂದು ಕೊಟ್ಟವರಿಗೆ ತೋರುತ್ತದೆ. ಪಕ್ಕದ ಶೆಡ್ಡಿನವನದು ಒಳಗೆ ಹೋಯಿತಂತೆ ಎಂಬ ಸುದ್ದಿ ಅದೇ ಸಂಜೆ ಟೀ ಅಂಗಡಿಯಲ್ಲಿ ಹುಟ್ಟುತ್ತದೆ, ಅದು ನಿಜವೋ ಸುಳ್ಳೋ ಯಾರೂ ಕೇಳುವುದಿಲ್ಲ. ಇದಕ್ಕಿರುವ ಮದ್ದು ಬಹಳ ಸರಳ, ಆದರೂ ಮಾಡುವವರು ಕಡಿಮೆ. ದಸರೆಗೆ ಮೂರು ನಾಲ್ಕು ವಾರ ಮುಂಚೆ ಕಂಪನಿಯ ಮುಖ್ಯಸ್ಥರ ಸಹಿಯಲ್ಲಿ ಎಲ್ಲ ವೆಂಡರ್‌ಗಳಿಗೂ ಒಂದೇ ಪತ್ರ ಹೋಗಬೇಕು. ಏನನ್ನೂ ಕಳಿಸಬೇಡಿ, ಯಾರ ಮನೆಗೂ ಕಳಿಸಬೇಡಿ, ಬಂದ ತಿಂಡಿ ಕ್ಯಾಂಟೀನಿಗೆ ಹೋಗುತ್ತದೆ, ಉಳಿದದ್ದು ರಿಜಿಸ್ಟರಿನಲ್ಲಿ ನಮೂದಾಗಿ ವಾಪಸಾಗುತ್ತದೆ ಎಂದು ಅದರಲ್ಲಿ ಇರಬೇಕು. ಪಿಓದ ಹಿಂಬದಿಯ ಷರತ್ತುಗಳಲ್ಲೂ ಅದೇ ಮಾತು ಅಚ್ಚಾಗಿರಬೇಕು. ಆಗ ಪರ್ಚೇಸ್ ಅಧಿಕಾರಿ ಹೊಸದಾಗಿ ನಿಯಮ ಹೂಡಬೇಕಿಲ್ಲ, ಇಬ್ಬರಿಗೂ ಮೊದಲೇ ತಿಳಿದದ್ದನ್ನು ನೆನಪಿಸಿದರೆ ಆಯಿತು. ಇಂಥ ಪತ್ರ ಕಳಿಸುವ ಕಂಪನಿಯೇ ತನ್ನ ಮಾರಾಟದವರ ಕೈಗೆ ಬೆಳ್ಳಿ ನಾಣ್ಯ ಕೊಟ್ಟು ಗಿರಾಕಿಗಳ ಬಳಿ ಓಡಿಸುತ್ತಿದ್ದರೆ ಮಾತು ಬೇರೆ. ವೆಂಡರ್‌ಗಳಿಗೆ ಅದೂ ಗೊತ್ತಿರುತ್ತದೆ.

ಇಲ್ಲಿ ಒಂದು ಪಕ್ಕದ ಜಗಳವನ್ನು ಮುಗಿಸಿಕೊಳ್ಳಬೇಕು. ಇಂಥ ನಿಯಮಗಳನ್ನು ‘ಪಾಶ್ಚಾತ್ಯ’ ಎಂದು ಕರೆದು ಕೊಡುವುದು ತೆಗೆದುಕೊಳ್ಳುವುದು ನಮ್ಮ ಸಂಸ್ಕೃತಿ, ತಿರಸ್ಕರಿಸಿದರೆ ಅವಮಾನ ಎನ್ನುವ ವಿಮರ್ಶಕರಿದ್ದಾರೆ. ಅವರು ನಮ್ಮ ಸಂಸ್ಕೃತಿಯನ್ನು ಅರ್ಧ ಮಾತ್ರ ಓದಿದವರು. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ಪುಸ್ತಕ ಹಿಡಿದು ಕೂರುತ್ತಿದ್ದರು. ಯಾರು ಎಷ್ಟು ಕೊಟ್ಟರೆಂಬುದು ದಾಖಲಾಗುತ್ತಿತ್ತು, ಅವರ ಮನೆಯ ಮದುವೆಗೆ ಹೊರಡುವಾಗ ಆ ಪುಸ್ತಕ ಹೊರಬರುತ್ತಿತ್ತು. ಕೊಟ್ಟದ್ದು ಮರಳಬೇಕಾದ ಬಾಕಿ ಎಂಬುದನ್ನು ನಮ್ಮ ಜನ ಯಾವತ್ತೂ ಮುಚ್ಚಿಟ್ಟವರಲ್ಲ. ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರಲ್ಲಿ ಉಡುಗೊರೆಯ ಬಗ್ಗೆ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಸಾರವೂ ಇದೇ: ಕೊಡುವುದು, ತೆಗೆದುಕೊಳ್ಳುವುದು, ಹಿಂತಿರುಗಿಸುವುದು ಮೂರೂ ಕಟ್ಟುಪಾಡುಗಳೇ. ಮುಯ್ಯಿಯ ಮರ್ಯಾದೆ ನಿಂತಿರುವುದು ಪಡೆದವರು ತಮ್ಮದೇ ದುಡ್ಡಿನಿಂದ ತೀರಿಸುತ್ತಾರೆ ಎಂಬುದರ ಮೇಲೆ. ಪರ್ಚೇಸ್ ಅಧಿಕಾರಿ ಬೆಳ್ಳಿ ದೀಪದ ಬಾಕಿಯನ್ನು ಯಾವುದರಿಂದ ತೀರಿಸಬೇಕು? ಅವರ ಬಳಿ ಇರುವುದು ಕಂಪನಿಯ ಆರ್ಡರು, ಕಂಪನಿ ಒಪ್ಪಿಕೊಳ್ಳುವ ರೇಟು, ಕಂಪನಿ ಕಣ್ಣುಮುಚ್ಚಿ ಪಾಸು ಮಾಡಬಹುದಾದ ಲಾಟು. ಪರರ ಗಂಟಿನಿಂದ ಮುಯ್ಯಿ ತೀರಿಸುವುದನ್ನು ಯಾವ ಹಳ್ಳಿಯೂ ಔದಾರ್ಯವೆಂದು ಕರೆದಿಲ್ಲ. ಸಂಸ್ಕೃತಿಯ ವಾದ ನಿಜಕ್ಕೂ ನಿರಾಕರಣೆಯ ಪರವಾಗಿಯೇ ನಿಲ್ಲುತ್ತದೆ. ಟೀ ಲೋಟವನ್ನೂ ಮುಟ್ಟಬಾರದು ಎನ್ನುವ ಎದುರು ಪಾಳೆಯದವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವರು ಶೆಡ್ಡಿನೊಳಗೆ ಕಾಲಿಟ್ಟವರಲ್ಲ ಎಂದಷ್ಟೇ ಹೇಳಬಹುದು.

ಆಹ್ವಾನದ ವಿಷಯ ಡಬ್ಬಕ್ಕಿಂತ ಕಷ್ಟ. ಅದು ಗೌರವದ ಬಟ್ಟೆ ತೊಟ್ಟು ಬರುತ್ತದೆ. ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ಪೀಣ್ಯದಲ್ಲಿ ಬುಷ್, ಶಾಫ್ಟ್ ಮಾಡುವ ಒಂದು ಘಟಕಕ್ಕೆ 25 ವರ್ಷ ತುಂಬುತ್ತದೆ. ಯಜಮಾನರು ಕೊಡಗಿನ ರೆಸಾರ್ಟಿನಲ್ಲಿ ‘ಗ್ರಾಹಕರ ಸಮಾವೇಶ’ ಇಟ್ಟುಕೊಂಡು ಪರ್ಚೇಸ್ ಮ್ಯಾನೇಜರನ್ನು ಸಂಸಾರ ಸಮೇತ ಎರಡು ರಾತ್ರಿಗೆ ಕರೆಯುತ್ತಾರೆ. ಶನಿವಾರ ಬೆಳಿಗ್ಗೆ ಒಂದು ಗಂಟೆ ಹೊಸ ಯಂತ್ರಗಳ ಪರಿಚಯ, ಉಳಿದದ್ದೆಲ್ಲ ವಿಹಾರ. ನೀತಿಸಂಹಿತೆಗಳು ಇಂಥ ಕಡೆ ‘ಅತಿಯಾದ ಆತಿಥ್ಯ’ ಎಂದು ಹೇಳಿ ಸುಮ್ಮನಾಗುತ್ತವೆ, ಅತಿ ಎಂದರೆ ಎಷ್ಟೆಂದು ಓದುವವರೇ ಊಹಿಸಬೇಕು. ಇವುಗಳಿಗಿಂತ ಚುರುಕಾದ ಓದು ನಮಗೆ ಸಿಗುವುದು, ಯಾರೂ ನಿರೀಕ್ಷಿಸದ ಕಡೆ, ಆದಾಯ ತೆರಿಗೆಯವರ ಬರಹದಲ್ಲಿ. ವ್ಯವಹಾರದಿಂದ ಬರುವ ಸವಲತ್ತು ವರ್ಷಕ್ಕೆ 20,000 ರೂಪಾಯಿ ಮೀರಿದರೆ ಕೊಡುವವರು ಶೇ. 10ರಷ್ಟು ತೆರಿಗೆ ಮುರಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂತು. ಅದನ್ನು ವಿವರಿಸಿದ ಸುತ್ತೋಲೆ ಡೀಲರ್ ಸಮಾವೇಶಗಳ ಮಾತೆತ್ತಿ ಗೆರೆ ಎಳೆಯಿತು. ಸರಕಿನ ಬಗ್ಗೆ ತಿಳಿಸಿಕೊಡುವುದೇ ಮುಖ್ಯ ಉದ್ದೇಶವಾದ ಸಮಾವೇಶದ ಖರ್ಚು ಸವಲತ್ತಲ್ಲ. ಆದರೆ ಅದರಲ್ಲಿ ವಿಹಾರದ ಪಾಲಿದ್ದರೆ ಆ ಪಾಲು, ಜೊತೆಗೆ ಬಂದ ಮನೆಯವರ ಖರ್ಚು, ಸಮಾವೇಶದ ದಿನಗಳಾಚೆಗಿನ ತಂಗುವಿಕೆ ಸವಲತ್ತೇ. ನೌಕರರಿಗೆ ಆ ಹುದ್ದೆಯ ಕಾರಣಕ್ಕೆ ಸಿಕ್ಕ ಸವಲತ್ತನ್ನು ಅವರ ಸಂಸ್ಥೆಗೇ ಸಿಕ್ಕಿದ್ದೆಂದು ಎಣಿಸುವುದಾಗಿಯೂ ಅದೇ ಸುತ್ತೋಲೆ ಆಸ್ಪತ್ರೆಯ ವೈದ್ಯರ ಉದಾಹರಣೆ ಕೊಟ್ಟು ಹೇಳಿತು. ಅಂದರೆ ಮ್ಯಾನೇಜರ್ ಕೊಡಗಿನಲ್ಲಿ ಕುಡಿದ ಕಾಫಿಯ ಲೆಕ್ಕ ಕಂಪನಿಯ ತೆರಿಗೆ ವಿವರದಲ್ಲಿ ಬಂದು ಕೂರಬಹುದು. ಯಾವ ಆಹ್ವಾನವನ್ನಾದರೂ ಅಳೆಯಲು ಮೂರು ಪ್ರಶ್ನೆ ಸಾಕು: ಸಂಸಾರವನ್ನು ಏಕೆ ಕರೆದರು, ಎರಡನೆಯ ರಾತ್ರಿ ಏಕೆ, ಕೆಲಸದ ಹೊತ್ತು ಎಷ್ಟು?

ಹಾಗಾದರೆ ಬರೆಯುವುದು ಹೇಗೆ? ನಾನು ಮೆಚ್ಚುವ ಉತ್ತರ ಹೀಗಿರುತ್ತದೆ: ‘ಸರ್, ಘಟಕಕ್ಕೆ 25 ವರ್ಷ ತುಂಬಿದ್ದು ಕೇಳಿ ತುಂಬ ಸಂತೋಷವಾಯಿತು. ಕೊಡಗಿಗೆ ನಾನು ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ನಿಮಗೆ ಬಂದ ಪತ್ರದಲ್ಲಿರುವ ನಿಯಮ ಎಲ್ಲ ವೆಂಡರ್‌ಗಳಿಗೂ ಒಂದೇ, ನನಗೂ ಅದು ಸರಿಯೆನಿಸಿದೆ. ಆಯುಧಪೂಜೆಯ ದಿನ ಬೆಳಿಗ್ಗೆ ನಿಮ್ಮ ಶೆಡ್ಡಿಗೆ ಖಂಡಿತ ಬರುತ್ತೇನೆ, ಕ್ವಾಲಿಟಿಯವರನ್ನೂ ಕರೆತರುತ್ತೇನೆ. ಹೊಸ ಯಂತ್ರ ನೋಡಿದಂತಾಗುತ್ತದೆ. ಬುಷ್‌ನ ಒಳವ್ಯಾಸದ ರಿಜೆಕ್ಷನ್ ಬಗ್ಗೆ ನೀವು ಕೇಳಿದ್ದನ್ನೂ ಡ್ರಾಯಿಂಗ್ ಮುಂದಿಟ್ಟುಕೊಂಡು ಅಂದೇ ಮುಗಿಸೋಣ.’ ಇಲ್ಲಿ ಸಂತೋಷಕ್ಕೆ ಕಾರಣವಿದೆ, ನಿರಾಕರಣೆ ಮೂರು ಪದದಲ್ಲಿ ಮುಗಿದಿದೆ, ನಿಯಮಕ್ಕೆ ಹಳೆಯ ತಾರೀಖಿದೆ, ಅದರ ಜೊತೆಗೆ ಬರೆದವರೂ ನಿಂತಿದ್ದಾರೆ. ‘ನನಗೂ ಸರಿಯೆನಿಸಿದೆ’ ಎಂಬ ಆ ಪುಟ್ಟ ಸೇರ್ಪಡೆ ಮನೆಯ ವಿಳಾಸ ಹುಡುಕುವ ಕೆಲಸವನ್ನು ನಿಲ್ಲಿಸುತ್ತದೆ. ಆಮೇಲೆ ಬರುವ ಆಯುಧಪೂಜೆ ಯಜಮಾನರಿಗೆ ರೆಸಾರ್ಟಿಗಿಂತ ದೊಡ್ಡ ಮಾತು. ಚೆಂಡುಹೂವಿನ ಹಾರ ಹಾಕಿದ ಲೇತ್ ಮುಂದೆ, ತನ್ನ ಕೆಲಸಗಾರರ ಎದುರು, ದೊಡ್ಡ ಗಿರಾಕಿಯ ಕಡೆಯವರು ಬಂದು ನಿಲ್ಲುವುದಕ್ಕೆ ಅವರು ಕೊಡುವ ಬೆಲೆಯೇ ಬೇರೆ. ಅಲ್ಲಿ ಕೊಟ್ಟ ಕಡ್ಲೆಪುರಿ, ಸಿಹಿ ಅಲ್ಲೇ ತಿಂದು ಬರಬೇಕು, ಕಾರಿನ ಡಿಕ್ಕಿ ತೆರೆಯಬಾರದು. ಇಬ್ಬರು ಹೋಗುವುದರ ಒಂದು ಉಪಯೋಗ ಅದೂ ಹೌದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಇಷ್ಟೆಲ್ಲ ನಾಜೂಕು ದೊಡ್ಡವರ ಆಟ, ಸಣ್ಣ ಘಟಕದ ಯಜಮಾನರು ಡಬ್ಬ ಕಳಿಸುವುದು ಪ್ರೀತಿಯಿಂದಲ್ಲ, ಭಯದಿಂದ. ಬಿಲ್ಲು ತಡವಾಗದಿರಲಿ, ಪಿಓ ಕೈತಪ್ಪದಿರಲಿ ಎಂಬ ಭಯ ಹೋಗದೆ ಎಷ್ಟು ಚೆಂದದ ಪತ್ರ ಬರೆದರೂ ಡಬ್ಬ ಬರುತ್ತಲೇ ಇರುತ್ತದೆ ಎಂಬುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ತರಬೇತುದಾರರ ಮೇಲಿನ ನನ್ನ ಸಿಟ್ಟಿಗೆ ಮೂಲ ಇದೇ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. ಆ ಬಡ್ಡಿ ಕೇಳಿ ಗಿರಾಕಿಯನ್ನು ಕಳೆದುಕೊಳ್ಳುವ ಧೈರ್ಯ ಎಷ್ಟು ಶೆಡ್ಡುಗಳಿಗಿದೆ? ತೊಂಬತ್ತು ದಿನದ ಬಿಲ್ಲನ್ನು ಬಾಕಿ ಇಟ್ಟುಕೊಂಡು ಮೈಸೂರುಪಾಕನ್ನು ಮಾತ್ರ ನಿಯಮದ ಹೆಸರಿನಲ್ಲಿ ವಾಪಸು ಕಳಿಸುವ ಕಂಪನಿಯ ಶುದ್ಧಿ ವೆಂಡರ್ ಕಣ್ಣಿಗೆ ನಗೆಪಾಟಲು. ಹಬ್ಬಕ್ಕೆ ಮುಂಚೆ ಬಾಕಿ ತೀರಿಸಿ, ಅದೇ ಪತ್ರದಲ್ಲಿ ಬಿಲ್ ನಂಬರು, ಹಣ ಜಮೆಯಾದ ತಾರೀಖು ಬರೆದರೆ ನಿರಾಕರಣೆಗೆ ಬೇರೆ ಸಿಹಿ ಬೇಕಿಲ್ಲ.

ಆದರೆ ಪೇಮೆಂಟ್ ಪರ್ಚೇಸಿನವರ ಕೈಯಲ್ಲಿ ಇರುವುದಿಲ್ಲ, ಅಕೌಂಟ್ಸಿನವರ ಕೈಯಲ್ಲಿರುತ್ತದೆ ಎಂಬುದೂ ನಿಜ. ಅಂಥ ಕಡೆ ಪತ್ರ ಬರೆಯುವವರು ಹಣದ ಭರವಸೆ ಕೊಡಲೇಬಾರದು. ಮುಂದಿನ ಮೂರು ತಿಂಗಳ ಶೆಡ್ಯೂಲು, ರಿಜೆಕ್ಷನ್ ವರದಿ, ಬದಲಾದ ಡ್ರಾಯಿಂಗು, ಹೀಗೆ ತಮ್ಮ ಮೇಜಿನಿಂದಲೇ ಹೋಗಬಹುದಾದ್ದನ್ನು ಮಾತ್ರ ಬರೆದು ಅಷ್ಟನ್ನು ಹೇಳಿದ ದಿನಕ್ಕೆ ಕಳಿಸಬೇಕು.