ಕೇಳಿದ್ದು ಒಬ್ಬರನ್ನು, ಹೋದದ್ದು ನಾನೂರು ಹೆಸರು

ಹೊಸ ಆ್ಯಪ್ ತೆರೆದ ಕೂಡಲೇ ಪರದೆಯ ನಡುವೆ ಬಂದು ನಿಲ್ಲುವ ಚಿಕ್ಕ ಚೌಕವನ್ನು ನಾವು ದಿನವೂ ನೋಡುತ್ತೇವೆ, ಓದುವುದು ಮಾತ್ರ ಅಪರೂಪ. ‘Allow’, ‘Don’t allow’ ಎಂಬ ಗುಂಡಿಗಳಿರುವ ಆ ಚೌಕವನ್ನು ತೋರಿಸುವುದು ಆ್ಯಪ್ ಅಲ್ಲ, ಫೋನಿನ ವ್ಯವಸ್ಥೆ. ಆಂಡ್ರಾಯ್ಡ್ ಪ್ರತಿ ಆ್ಯಪನ್ನೂ ಅದರದೇ ಕೋಣೆಯಲ್ಲಿ ಇರಿಸಿರುತ್ತದೆ. ಮೈಕು, ಜಿಪಿಎಸ್, ಕಾಂಟ್ಯಾಕ್ಟ್ಸ್ ಪಟ್ಟಿ ಇವೆಲ್ಲ ಆ ಕೋಣೆಯ ಹೊರಗಿವೆ. ಆ್ಯಪ್ ಕೈ ಚಾಚಿದಾಗ ಬಾಗಿಲಲ್ಲಿ ನಿಂತ ವ್ಯವಸ್ಥೆ ನಮ್ಮ ಕಡೆ ತಿರುಗಿ ಕೇಳುತ್ತದೆ. 2015ರ ಆಂಡ್ರಾಯ್ಡ್ 6ಕ್ಕೆ ಮೊದಲು ಈ ಮರ್ಯಾದೆಯೂ ಇರಲಿಲ್ಲ: ಆ್ಯಪ್ ಹಾಕಿಕೊಳ್ಳುವಾಗ ಇಡೀ ಪಟ್ಟಿಗೆ ಒಮ್ಮೆಲೇ ಹೂಂ ಅನ್ನಬೇಕಿತ್ತು, ಇಲ್ಲವೇ ಆ್ಯಪನ್ನೇ ಬಿಡಬೇಕಿತ್ತು. ಅಲ್ಲಿಂದ ಇಲ್ಲಿಗೆ ಬಂದಿರುವುದು ನಿಜವಾದ ಸುಧಾರಣೆ. ಆದರೆ ಈ ಪ್ರಶ್ನೆಯ ರಚನೆಯಲ್ಲೇ ಒಂದು ದೊಡ್ಡ ಕೊರತೆ ಉಳಿದಿದೆ ಎಂಬುದು ನನ್ನ ವಾದ. ಎಲ್ಲ ಅನುಮತಿಗಳನ್ನೂ ಅದು ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಕೇಳುತ್ತದೆ. ಕೊಟ್ಟದ್ದನ್ನು ವಾಪಸ್ ಪಡೆಯಲಾಗುತ್ತದೆಯೇ, ಕೊಡುತ್ತಿರುವುದು ನಮ್ಮದೇ ಸ್ವತ್ತೇ ಎಂಬ ಎರಡು ವಿಷಯಗಳನ್ನು ಅದು ಎಲ್ಲಿಯೂ ಎತ್ತುವುದಿಲ್ಲ.

ಜನ ಹೆಚ್ಚು ಹೆದರುವುದು ಮೈಕಿಗೆ. ಮನೆಯಲ್ಲಿ ಫ್ರಿಡ್ಜಿನ ಮಾತಾಡಿದೆವು, ಸಂಜೆಗೆ ಫ್ರಿಡ್ಜಿನ ಜಾಹೀರಾತು ಬಂತು ಎನ್ನುವವರು ಊರಿಗೆ ಹತ್ತು ಮಂದಿ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಹೀಗೆ ಕದ್ದು ಕೇಳಿ ಧ್ವನಿ ರವಾನಿಸುವುದಕ್ಕೆ ಪುರಾವೆ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಪರದೆಯ ಮೇಲೆ ನಡೆಯುವುದನ್ನು ಚಿತ್ರೀಕರಿಸಿ ಮೂರನೆಯವರಿಗೆ ಕಳಿಸುತ್ತಿದ್ದದ್ದು ಸಿಕ್ಕಿತು. ಇಷ್ಟರಿಂದ ಮೈಕು ನಿರಪಾಯಕಾರಿ ಎಂದಾಗುವುದಿಲ್ಲ. ಆದರೆ ಮೈಕಿನ ಸುತ್ತ ಕಾವಲು ಬಿಗಿಯಾಗಿದೆ: ಆಂಡ್ರಾಯ್ಡ್ 9ರಿಂದ ಹಿನ್ನೆಲೆಯಲ್ಲಿ ಸುಮ್ಮನೆ ಕೂತ ಆ್ಯಪ್‌ಗೆ ಅದು ಸಿಗುವುದಿಲ್ಲ, 12ರಿಂದ ಮೈಕು ಚಾಲೂ ಆದರೆ ಪರದೆಯ ಮೂಲೆಯಲ್ಲಿ ಹಸಿರು ಗುರುತು ಹೊಳೆಯುತ್ತದೆ. ಅನುಮತಿ ಹಿಂತೆಗೆದರೆ ನಾಳೆಯ ಮಾತು ನಮ್ಮಲ್ಲೇ ಉಳಿಯುತ್ತದೆ. ಲೊಕೇಶನ್ ವಿಷಯದಲ್ಲೂ ಆಯ್ಕೆಗಳು ಬೆಳೆದಿವೆ. ‘Only this time’ ಎಂದು ಒಂದು ಸಲಕ್ಕಷ್ಟೇ ಕೊಡಬಹುದು. ‘Precise’ ಬಿಟ್ಟು ‘Approximate’ ಆರಿಸಿದರೆ ಸುಮಾರು ಮೂರು ಚದರ ಕಿಲೋಮೀಟರಿನ ಅಂದಾಜು ಮಾತ್ರ ಹೋಗುತ್ತದೆ. ಮಳೆಯ ಮುನ್ಸೂಚನೆಗೆ ಅಷ್ಟು ಸಾಕು, ಮನೆ ಬಾಗಿಲಿಗೆ ಬರಬೇಕಾದ ಆಟೋಗೆ ಸಾಲದು. ಇಲ್ಲಿ ನಿಜಕ್ಕೂ ತಡೆದು ಯೋಚಿಸಬೇಕಾದದ್ದು ‘Allow all the time’ ಒಂದನ್ನೇ. ರಾತ್ರಿ ಫೋನು ಎಲ್ಲಿ ಮಲಗುತ್ತದೆ, ಹಗಲು ಎಲ್ಲಿ ಕೂರುತ್ತದೆ ಎಂದು ಒಂದು ವಾರ ನೋಡಿದವರಿಗೆ ಆ ಫೋನಿನ ಒಡೆಯರ ಹೆಸರು ಬೇಕಾಗುವುದೇ ಇಲ್ಲ.

ಕಾಂಟ್ಯಾಕ್ಟ್ಸ್ ಅನುಮತಿ ಈ ಎರಡರಂತಲ್ಲ. ಆಂಡ್ರಾಯ್ಡಿನಲ್ಲಿ ಅದಕ್ಕೆ READ_CONTACTS ಎಂದು ಹೆಸರು. ರೂಢಿಯಲ್ಲಿ ಅದನ್ನು ಕೊಟ್ಟರೆ ಸಿಗುವುದು ಒಂದೆರಡು ಹೆಸರಲ್ಲ, ಇಡೀ ಪುಸ್ತಕ. ನಾನೂರು ಹೆಸರಿದ್ದರೆ ಅದನ್ನು ಓದಿ ಮುಗಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಓದುವಾಗ ಯಾವ ಹಸಿರು ಗುರುತೂ ಹೊಳೆಯುವುದಿಲ್ಲ. ಓದಿದ್ದನ್ನು ಆ್ಯಪ್ ಹೊರಗೆ ಕಳಿಸಬಹುದೇ ಎಂದು ಯಾರಾದರೂ ಕೇಳುತ್ತಾರೆಯೇ? ಇಲ್ಲ. ಇಂಟರ್ನೆಟ್ ಬಳಸುವ ಅನುಮತಿಯನ್ನು ಆಂಡ್ರಾಯ್ಡ್ ‘ಸಾಮಾನ್ಯ’ ಎಂಬ ವರ್ಗಕ್ಕೆ ಸೇರಿಸಿದೆ. ಆ್ಯಪ್ ಹಾಕಿಕೊಂಡಾಗಲೇ ಅದು ತಾನಾಗಿ ಸಿಗುತ್ತದೆ. ಹಾಗಾಗಿ ಆ ಚೌಕದಲ್ಲಿ ನಾವು ಒಪ್ಪುವುದು ‘ಓದಲಿ’ ಎಂದು, ನಡೆಯಬಹುದಾದದ್ದು ‘ಒಯ್ಯಲಿ’ ಎಂದು. ಮರುದಿನ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ತೆಗೆದರೆ ಮುಂದಿನ ಓದು ನಿಲ್ಲುತ್ತದೆ, ನಿನ್ನೆ ದೂರದ ಸರ್ವರ್ ಸೇರಿದ ಪ್ರತಿ ಅಲ್ಲೇ ಇರುತ್ತದೆ.

ಆ ಪುಸ್ತಕದೊಳಗೆ ಏನಿರುತ್ತದೆ ಎಂಬುದನ್ನೂ ಹತ್ತಿರದಿಂದ ನೋಡಬೇಕು. ‘ಅಮ್ಮ’, ‘ದೊಡ್ಡಣ್ಣ ಹೊಸ ನಂ’, ‘ಓನರ್ ಆಂಟಿ’, ‘ಶುಗರ್ ಡಾಕ್ಟ್ರು’, ‘ಚೀಟಿ ಲಕ್ಷ್ಮಮ್ಮ’, ‘ಆಫೀಸ್ ಎಚ್‌ಆರ್’. ಇವು ಬರೀ ನಂಬರುಗಳಲ್ಲ. ಯಾರು ಯಾರಿಗೆ ಏನಾಗಬೇಕು, ಯಾರ ಮುಂದೆ ತಲೆ ತಗ್ಗಿಸಲು ನಾವು ಹೆದರುತ್ತೇವೆ ಎಂಬುದನ್ನು ನಮ್ಮ ಕೈಯಿಂದಲೇ ಬರೆದಿಟ್ಟ ದಾಖಲೆ ಇದು. ಕೋವಿಡ್ ಕಾಲದಲ್ಲಿ ದೇಶದ ತುಂಬ ಹಬ್ಬಿದ ದಿಢೀರ್ ಸಾಲದ ಆ್ಯಪ್‌ಗಳು ಅಡಮಾನ ಮಾಡಿಕೊಂಡದ್ದು ಇದನ್ನೇ. ಆಗ ನಡೆಯುತ್ತಿದ್ದ ಕ್ರಮ ಹೀಗೆ: ಐದು ಸಾವಿರ ಕೇಳಿದವರಿಗೆ ಕಾಂಟ್ಯಾಕ್ಟ್ಸ್ ಕೊಡದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ, ಕೊಟ್ಟರೆ ಶುಲ್ಕ ಮುರಿದುಕೊಂಡು ಉಳಿದ ಹಣ ಖಾತೆಗೆ ಬರುತ್ತಿತ್ತು, ಗಡುವು ಅನೇಕ ಸಲ ಏಳೇ ದಿನ. ಕಟ್ಟುವುದು ತಡವಾದರೆ ಫೋನು ಹೋಗುತ್ತಿದ್ದದ್ದು ಸಾಲಗಾರರಿಗೆ ಮಾತ್ರವಲ್ಲ, ಓನರ್ ಆಂಟಿಗೆ, ದೊಡ್ಡಣ್ಣನಿಗೆ, ಎಚ್‌ಆರ್‌ಗೆ. ಸಾಲದ ಪತ್ರಕ್ಕೆ ಜಾಮೀನು ಹಾಕದವರೆಲ್ಲ ರಾತ್ರೋರಾತ್ರಿ ಜಾಮೀನುದಾರರಾಗಿಬಿಟ್ಟರು. ಅವಮಾನ ತಾಳದೆ ಜೀವ ಕಳೆದುಕೊಂಡವರ ಸುದ್ದಿಗಳು ಬಂದವು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಡಿಜಿಟಲ್ ಸಾಲದ ನಿಯಮಗಳಲ್ಲಿ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲು ಮತ್ತು ಫೋಟೊಗಳನ್ನು ಮುಟ್ಟಬಾರದು ಎಂದು ಹೇಳಿತು. ಕ್ಯಾಮೆರಾ, ಮೈಕು, ಲೊಕೇಶನ್‌ಗಳನ್ನು ಮಾತ್ರ ಗುರುತಿನ ಪರಿಶೀಲನೆಯಂಥ ಕೆಲಸಕ್ಕೆ, ಸ್ಪಷ್ಟ ಒಪ್ಪಿಗೆಯೊಂದಿಗೆ, ಒಂದು ಸಲ ಬಳಸಲು ಬಿಟ್ಟಿತು. ಮೈಕಿಗೆ ಒಂದು ಸಲದ ದಾರಿಯಿದೆ, ಕಾಂಟ್ಯಾಕ್ಟ್ಸ್‌ಗೆ ಇಲ್ಲ: ಪೆಟ್ಟು ತಿಂದ ಮೇಲೆ ಬರೆದ ಈ ನಿಯಮದ ವಿವೇಕ ಫೋನಿನ ಚೌಕಕ್ಕೆ ಇನ್ನೂ ಬಂದಿಲ್ಲ.

ಕಾಂಟ್ಯಾಕ್ಟ್ಸ್ ಕೊಡದಿದ್ದರೆ ಮೆಸೇಜ್ ಆ್ಯಪ್‌ಗಳು ನಡೆಯುವುದು ಹೇಗೆ ಎಂದು ಕೇಳಬಹುದು. ಯಾರು ಯಾರು ಅಲ್ಲಿದ್ದಾರೆಂದು ತಿಳಿಯದೆ ಅವು ಅರ್ಧ ಕುಂಟುತ್ತವೆ, ಒಪ್ಪುತ್ತೇನೆ. ಅಂಥ ಒಂದೆರಡಕ್ಕೆ ತಿಳಿದು ಕೊಡುವುದು ಬೇರೆ. ಆದರೆ ರೀಚಾರ್ಜ್ ಮಾಡಲು, ಸ್ನೇಹಿತರಿಗೆ ಕೂಪನ್ ಕಳಿಸಲು ಬೇಕಾಗಿರುವುದು ಒಂದೇ ನಂಬರು. ಒಂದು ಹೆಸರನ್ನು ನಾವೇ ಆರಿಸಿ ಕೊಡುವ ಕಿಟಕಿ ಆಂಡ್ರಾಯ್ಡಿನಲ್ಲಿ ಬಹಳ ಹಿಂದಿನಿಂದ ಇದೆ, ಅದಕ್ಕೆ READ_CONTACTS ಬೇಕಾಗಿಯೇ ಇಲ್ಲ. ಅದಿದ್ದೂ ಇಡೀ ಪುಸ್ತಕ ಕೇಳುವ ಆ್ಯಪ್‌ಗೆ ಅಗತ್ಯದ ನೆಪ ಒಪ್ಪುವುದಿಲ್ಲ. ಐಫೋನಿನಲ್ಲಿ 2024ರ ಐಒಎಸ್ 18ರಿಂದ, ಆ್ಯಪ್ ಇಡೀ ಪಟ್ಟಿ ಕೇಳಿದರೂ ಬೇಕಾದ ಹೆಸರುಗಳನ್ನಷ್ಟೇ ತೋರಿಸಬಹುದು.

ಇನ್ನು ಕಾನೂನು ಬಂದಿದೆಯಲ್ಲ ಎನ್ನುವವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೇ ಉದಾಹರಣೆಯನ್ನು ಕೊಡುತ್ತದೆ: ಫೋನಿನಲ್ಲೇ ವೈದ್ಯರನ್ನು ಕಾಣಿಸುವ ಆ್ಯಪ್ ಕಾಂಟ್ಯಾಕ್ಟ್ಸ್ ಪಟ್ಟಿಯನ್ನೂ ಕೇಳಿ, ಬಳಕೆದಾರರು ಒಪ್ಪಿದರೂ, ಚಿಕಿತ್ಸೆಗೆ ಅದು ಬೇಡವಾದ್ದರಿಂದ ಆ ಒಪ್ಪಿಗೆ ಸಲ್ಲದು. ಒಳ್ಳೆಯ ಉದಾಹರಣೆ. ಆದರೂ ಅಲ್ಲಿ ತೂಗುತ್ತಿರುವುದು ಫೋನು ಹಿಡಿದವರ ಒಪ್ಪಿಗೆಯನ್ನು. ಆ ಪಟ್ಟಿಯಲ್ಲಿರುವ ಶುಗರ್ ಡಾಕ್ಟರನ್ನಾಗಲಿ ಲಕ್ಷ್ಮಮ್ಮನನ್ನಾಗಲಿ ಆ ಗಳಿಗೆಯಲ್ಲಿ ಯಾರೂ ಕೇಳಿಲ್ಲ, ಅವರ ಪರವಾಗಿ ಯೋಚಿಸಬಲ್ಲವರು ಗುಂಡಿಯ ಮೇಲೆ ಬೆರಳಿಟ್ಟವರು ಒಬ್ಬರೇ.

ಸೆಟ್ಟಿಂಗ್ಸ್‌ನಲ್ಲಿ ‘Permission manager’ ತೆರೆದು ‘Contacts’ ಒತ್ತಿದರೆ ಯಾರ್ಯಾರಿಗೆ ಕೊಟ್ಟಿದ್ದೇವೆ ಎಂಬುದು ಒಂದೇ ಕಡೆ ಕಾಣುತ್ತದೆ. ಅಲ್ಲಿ ಬೇಡದ ಹೆಸರು ಕಂಡರೆ ಬಹಳ ಮಂದಿ ತಕ್ಷಣ ಆ್ಯಪನ್ನೇ ಕಿತ್ತು ಹಾಕುತ್ತಾರೆ. ಅದಕ್ಕೆ ಮೊದಲು ಆ್ಯಪ್‌ನ ಒಳಗೆ ಹೋಗಿ, ಈಗಾಗಲೇ ಸೇರಿಸಿದ ಕಾಂಟ್ಯಾಕ್ಟ್ಸ್ ಅಳಿಸುವ ಆಯ್ಕೆ ಇದೆಯೇ ನೋಡಬೇಕು, ಇಲ್ಲದಿದ್ದರೆ ಖಾತೆಯನ್ನೇ ಅಳಿಸಲು ಕೋರಬೇಕು. ಆ್ಯಪ್ ಕಿತ್ತರೆ ಹೋಗುವುದು ನಮ್ಮ ಫೋನಿನಲ್ಲಿರುವ ಭಾಗವಷ್ಟೇ.