ಖಾಲಿ ಸಭಾಂಗಣದ ಗುಂಗನ್ನು ಎಷ್ಟು ತೆಗೆಯಬೇಕು?

ಸಭಿಕರಿಲ್ಲದ ಸಭಾಂಗಣದಲ್ಲಿ ರೆಕಾರ್ಡ್ ಆದ ಕನ್ನಡ ಉಪನ್ಯಾಸದಲ್ಲಿ ಎಲ್ಲಕ್ಕಿಂತ ಮೊದಲು ಕೆಡುವುದು ಒತ್ತಕ್ಷರ. ‘ಹತ್ತಿ’ ಎನ್ನುವಾಗ ನಾಲಿಗೆ ಹಲ್ಲಿನ ಹಿಂಬದಿಗೆ ತಾಗಿ ಒಂದು ಕ್ಷಣ ಸದ್ದು ನಿಲ್ಲುತ್ತದೆ. ಆ ಕ್ಷಣದ ಮೌನದಿಂದಲೇ ನಮಗೆ ಒತ್ತು ಗೊತ್ತಾಗುವುದು. ಖಾಲಿ ಹಾಲಿನಲ್ಲಿ ‘ಹ’ದ ಸದ್ದು ಗೋಡೆಗಳಿಗೆ ಬಡಿದು ವಾಪಸು ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಅದರ ನಂತರ ಕೆಡುವುದು ಪದದ ಕೊನೆಯ ಸ್ವರ. ‘ಹೇಳಿದರು’ ಎಂದರೋ ‘ಹೇಳಿದರೂ’ ಎಂದರೋ ತಿಳಿಯುವುದಿಲ್ಲ. ಹ್ರಸ್ವವನ್ನು ಗೋಡೆಗಳೇ ಎಳೆದು ದೀರ್ಘ ಮಾಡಿರುತ್ತವೆ. ವಾಕ್ಯದ ಅರ್ಥ ಕೊನೆಯ ಅಕ್ಷರದಲ್ಲಿ ನಿಲ್ಲುವ ಭಾಷೆಗೆ ಇದು ಸಣ್ಣ ನಷ್ಟವಲ್ಲ.

ಇಂಥ ರೆಕಾರ್ಡಿಂಗನ್ನು ಸರಿಪಡಿಸಲು ಈಗ ಬೇಕಾದಷ್ಟು ಸಾಫ್ಟ್‌ವೇರ್‌ಗಳಿವೆ. ಅವನ್ನು ಹೊಗಳುವವರು ಸಾಮಾನ್ಯವಾಗಿ ‘ಸ್ಟುಡಿಯೋದಲ್ಲಿ ಮಾತಾಡಿದ ಹಾಗಿದೆ’ ಎನ್ನುತ್ತಾರೆ. ಉಪನ್ಯಾಸದ ಮಟ್ಟಿಗೆ ಅದು ತಪ್ಪು ಅಳತೆ ಎಂಬುದು ನನ್ನ ನಿಲುವು. ಒತ್ತು ಮರಳಿತೇ, ಕೊನೆಯ ಸ್ವರ ಉಳಿಯಿತೇ ಎಂದು ನೋಡಬೇಕು. ಈ ಅಳತೆಯಲ್ಲಿ ಹೆಚ್ಚು ಪ್ರಸಿದ್ಧವಾದ ಸಾಧನಗಳು ಹಿಂದೆ ಬೀಳುತ್ತವೆ, ಹೆಚ್ಚು ಜನ ಕೇಳಿರದ ಒಂದು ವಿಧಾನ ಮುಂದೆ ಬರುತ್ತದೆ.

ನಾನು ಕೈಹಾಕಿದ್ದ ಒಂದು ರೆಕಾರ್ಡಿಂಗನ್ನೇ ತೆಗೆದುಕೊಳ್ಳುತ್ತೇನೆ. ಕೊರೋನಾ ಕಾಲದಲ್ಲಿ ಒಂದು ಕಾಲೇಜಿನ ಸಭಾಂಗಣದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಕೇಶಿರಾಜನ ‘ಶಬ್ದಮಣಿದರ್ಪಣ’ದ ಮೇಲೆ ಮಾತಾಡಿದ್ದರು. ಎದುರಿಗೆ ಕ್ಯಾಮೆರಾ ಹಿಡಿದವರ ಹೊರತು ಯಾರೂ ಇರಲಿಲ್ಲ. ಹಾಲು ಸುಮಾರು 24 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರ. ಸಿಮೆಂಟ್ ಗೋಡೆ, ಗ್ರಾನೈಟ್ ನೆಲ, ಪ್ಲಾಸ್ಟಿಕ್ ಕುರ್ಚಿ. ಮೈಕು ಕ್ಯಾಮೆರಾದ ಮೇಲೆಯೇ, ಮಾತಾಡುವವರಿಂದ 5 ಮೀಟರ್ ದೂರದಲ್ಲಿ.

ಸದ್ದು ನಿಂತ ಮೇಲೆ ಅದರ ಗುಂಗು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯಕ್ಕೆ ಅನುರಣನ ಕಾಲ ಎನ್ನುತ್ತಾರೆ. ಇದರ ಲೆಕ್ಕ ಹುಟ್ಟಿದ್ದೂ ಒಂದು ಉಪನ್ಯಾಸದ ಕೋಣೆಯಲ್ಲೇ. ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನಲ್ಲಿ ಪಾಠ ಕೇಳಿಸುತ್ತಿಲ್ಲ ಎಂಬ ದೂರು ಬಂದಾಗ, 1895ರಲ್ಲಿ ಆ ಕೆಲಸ ವಾಲೇಸ್ ಸಾಬೀನ್ ಎಂಬ ಯುವ ಭೌತಶಾಸ್ತ್ರಜ್ಞನ ಪಾಲಿಗೆ ಬಂತು. ಆತ ಪಕ್ಕದ ಥಿಯೇಟರಿನ ಸೀಟುಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸುತ್ತಾ, ಆರ್ಗನ್ ಕೊಳವೆಯ ಸದ್ದು ಎಷ್ಟು ಹೊತ್ತು ಉಳಿಯುತ್ತದೆಂದು ಅಳೆದ. ಖಾಲಿ ಕೋಣೆಯಲ್ಲಿ ಅದು ಸುಮಾರು 5.5 ಸೆಕೆಂಡು ಉಳಿಯುತ್ತಿತ್ತು. ಆತನ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ ಅನುರಣನ ಕಾಲ ಸಿಗುತ್ತದೆ.

ನಮ್ಮ ಹಾಲಿನಲ್ಲಿ ಚಪ್ಪಾಳೆ ತಟ್ಟಿ ನೋಡಿದಾಗ ಅದು ಸುಮಾರು 2.5 ಸೆಕೆಂಡು ಬಂತು. ಸೂತ್ರವನ್ನು ಹಿಂದಿನಿಂದ ಓದಿದರೆ, ಇಡೀ ಹಾಲಿನಲ್ಲಿ ಸದ್ದು ಹೀರುವ ಮೇಲ್ಮೈ 111 ಚದರ ಮೀಟರ್ ಮಾತ್ರ. ಕುಳಿತ ಮನುಷ್ಯನೊಬ್ಬ ಸುಮಾರು 0.45 ಚದರ ಮೀಟರಿನಷ್ಟು ಸದ್ದು ಹೀರುತ್ತಾನೆ. 250 ಜನ ಕುಳಿತಿದ್ದರೆ ಹೀರುವಿಕೆ ಇಮ್ಮಡಿಯಾಗಿ ಅನುರಣನ ಕಾಲ 1.25 ಸೆಕೆಂಡಿಗೆ ಇಳಿಯುತ್ತಿತ್ತು. ಖಾಲಿ ಕುರ್ಚಿಗಳ ಬೆಲೆ ಅಷ್ಟು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 2.5 ಸೆಕೆಂಡಿಗೆ 60 ಡೆಸಿಬೆಲ್ ಎಂದರೆ ಸೆಕೆಂಡಿಗೆ 24. ನಿಧಾನವಾಗಿ ಮಾತಾಡುವವರೂ ಒಂದು ಅಕ್ಷರಕ್ಕೆ ಸುಮಾರು 200 ಮಿಲಿಸೆಕೆಂಡು ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಹಿಂದಿನ ಅಕ್ಷರದ ಗುಂಗು ಇಳಿದಿರುವುದು 5 ಡೆಸಿಬೆಲ್ ಮಾತ್ರ. ಒತ್ತಕ್ಷರದ ಮೌನ ಇನ್ನೂ ಚಿಕ್ಕದು. ಆ ಹೊತ್ತಿಗೆ 3 ಡೆಸಿಬೆಲ್ ಇಳಿದರೆ ಹೆಚ್ಚು. ಇದರ ಜೊತೆಗೆ ಮೈಕಿನ ದೂರ. ಇಂಥ ಹಾಲಿನಲ್ಲಿ ಬಾಯಿಂದ ನೇರ ಬರುವ ಸದ್ದೂ ಗೋಡೆಗಳಿಂದ ಬರುವ ಸದ್ದೂ ಸಮ ಆಗುವುದು ಸುಮಾರು 2 ಮೀಟರ್ ದೂರದಲ್ಲಿ. ಮೈಕು ಇದ್ದದ್ದು 5 ಮೀಟರಿನಲ್ಲಿ. ಅಲ್ಲಿ ಗುಂಗಿನ ಶಕ್ತಿ ನೇರ ಧ್ವನಿಗಿಂತ ಐದು ಪಟ್ಟಿಗೂ ಹೆಚ್ಚು.

ಆದ್ದರಿಂದಲೇ ಮಾಮೂಲಿ ನಾಯ್ಸ್ ರಿಡಕ್ಷನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫ್ಯಾನಿನ ಸದ್ದು ಮಾತಿಗಿಂತ ಬೇರೆ. ಗುಂಗು ಅದೇ ಮಾತು, ತಡವಾಗಿ ಬಂದದ್ದು. ನಾಯ್ಸ್ ಗೇಟ್ ಹಾಕಿದರೆ ವಾಕ್ಯಗಳ ನಡುವೆ ಮೌನ ಬರುತ್ತದೆ, ಪದಗಳ ಒಳಗಿನ ಗುಂಗು ಹಾಗೇ ಉಳಿಯುತ್ತದೆ. ಕೇಳುವವರಿಗೆ ಬಾಗಿಲು ತೆರೆದು ಮುಚ್ಚಿದಂತಾಗುತ್ತದೆ.

ಅನುರಣನ ತೆಗೆಯುವುದಕ್ಕೆಂದೇ ಇರುವ ಸಾಧನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐಜೋಟೋಪ್ ಆರ್‌ಎಕ್ಸ್‌ನ `De-reverb` ಬಗೆಯವು. ಸದ್ದು ಪ್ರತಿ ಆವರ್ತನದಲ್ಲಿ ಹೇಗೆ ಇಳಿಯುತ್ತದೆಂದು ಅವು ಅಂದಾಜು ಮಾಡಿ, ‘ಇದು ಬಾಲ’ ಅನ್ನಿಸಿದ ಭಾಗವನ್ನು ತಗ್ಗಿಸುತ್ತವೆ. ತೊಡಕು ಇರುವುದು ಈ ಅಂದಾಜಿನಲ್ಲೇ. ಕನ್ನಡದ ವಾಕ್ಯ ಕೊನೆಗೆ ಬರುವಾಗ ದನಿ ಇಳಿಯುತ್ತದೆ, ಕೊನೆಯ ‘ಉ’ ಅಥವಾ ‘ಎ’ ಮೆಲ್ಲಗೆ ಬರುತ್ತದೆ. ಇಳಿಯುತ್ತಿರುವ ಮೆಲುಸ್ವರಕ್ಕೂ ಇಳಿಯುತ್ತಿರುವ ಗುಂಗಿಗೂ ಇಂಥ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. `Reduction` ಜಾಸ್ತಿ ಮಾಡುತ್ತಾ ಹೋದರೆ ಹಾಲು ಒಣಗುತ್ತದೆ, ‘ಬಂದನು’ ‘ಬಂದನ್’ ಆಗುತ್ತದೆ. ಆದರೂ ಈ ಬಗೆಯ ಸಾಧನದಲ್ಲಿ ಒಂದು ಅಮೂಲ್ಯ ಗುಂಡಿ ಇದೆ: `Output reverb only`. ಅದನ್ನು ಒತ್ತಿದರೆ ತೆಗೆದುಹಾಕಿದ್ದು ಮಾತ್ರ ಕೇಳಿಸುತ್ತದೆ. ಅಲ್ಲಿ ಮಂಜಾದ ಗುಂಯ್ ಸದ್ದಷ್ಟೇ ಇದ್ದರೆ ಸರಿ. ಪದಗಳು ಬಿಡಿಬಿಡಿಯಾಗಿ ಅರ್ಥವಾಗುತ್ತಿದ್ದರೆ ಮಾತನ್ನೇ ಕತ್ತರಿಸುತ್ತಿದ್ದೇವೆ ಎಂದರ್ಥ. ಬಹಳ ಜನ ಈ ಗುಂಡಿ ಮುಟ್ಟುವುದೇ ಇಲ್ಲ.

ಒಂದು ಬಟನ್ ಒತ್ತಿದರೆ ಸ್ಟುಡಿಯೋ ಧ್ವನಿ ಕೊಡುತ್ತೇವೆ ಎನ್ನುವ ಇನ್ನೊಂದು ಬಗೆಯ ಸಾಧನಗಳಿವೆ. ಅವುಗಳಲ್ಲಿ ಕೆಲವು ಗುಂಗನ್ನು ತೆಗೆಯುವ ಬದಲು ಕೇಳಿದ ಮಾತನ್ನು ಹೊಸದಾಗಿ ಉಚ್ಚರಿಸುತ್ತವೆ. ಸುದ್ದಿ, ಸಂದರ್ಶನಗಳಿಗೆ ಇದು ನಡೆಯಬಹುದು. ನಮ್ಮ ಅಧ್ಯಾಪಕರು ಳಕಾರಕ್ಕೂ ಹಳಗನ್ನಡದ ೞಕಾರಕ್ಕೂ ಇರುವ ಭೇದವನ್ನು ಬಾಯಲ್ಲಿ ಆಡಿ ತೋರಿಸುತ್ತಿದ್ದರು. ಇಂದಿನ ಮಾತಿನಲ್ಲೇ ಇಲ್ಲದ ಅಕ್ಷರವನ್ನು ಊಹಿಸಿ ತುಂಬುವ ಯಂತ್ರ ಯಾವುದನ್ನು ತಾನೇ ತುಂಬೀತು? ಹಾಗೆ ಮಾಡಿ ನೋಡಿದ ಪ್ರತಿಯಲ್ಲಿ ಎರಡೂ ಒಂದೇ ಚೆಂದದ ‘ಳ’ ಆಗಿದ್ದವು. ದನಿ ನಿಚ್ಚಳವಾಗಿತ್ತು, ಪಾಠವೇ ಹೋಗಿತ್ತು. ದಾಖಲೆಯಾಗಿ ಉಳಿಯಬೇಕಾದ ಉಪನ್ಯಾಸಕ್ಕೆ ಈ ಬಗೆಯನ್ನು ಬಳಸಲೇಬಾರದು ಎಂದು ಖಚಿತವಾಗಿ ಹೇಳುತ್ತೇನೆ.

ನನಗೆ ಒಪ್ಪಿಗೆಯಾದದ್ದು ಮೂರನೆಯದು. ಜಪಾನಿನ ಎನ್‌ಟಿಟಿಯಲ್ಲಿದ್ದ ತೊಮೊಹಿರೊ ನಕತಾನಿ, ತಕುಯಾ ಯೋಶಿಯೋಕಾ ಮತ್ತು ಜೊತೆಗಾರರು 2010ರಲ್ಲಿ ವಿವರಿಸಿದ ಇದಕ್ಕೆ ಡಬ್ಲ್ಯುಪಿಇ ಎಂದು ಹೆಸರು. ಈ ಕ್ಷಣ ಮೈಕಿಗೆ ಬಂದ ಸದ್ದಿನಲ್ಲಿ ಎಷ್ಟು ಪಾಲನ್ನು ಹಿಂದಿನ ಕ್ಷಣಗಳ ಸದ್ದಿನಿಂದ ಲೆಕ್ಕ ಹಾಕಿ ಹೇಳಬಹುದೋ ಅಷ್ಟು ಗುಂಗು, ಅದನ್ನು ಕಳೆಯುತ್ತದೆ. ಹೇಳಲಾಗದೆ ಉಳಿದದ್ದು ಹೊಸ ಮಾತು. ತಗ್ಗಿಸುವುದೂ ಇಲ್ಲ, ಊಹಿಸಿ ತುಂಬುವುದೂ ಇಲ್ಲ, ಬರೀ ವ್ಯವಕಲನ. ಜರ್ಮನಿಯ ಪಾಡರ್‌ಬಾರ್ನ್ ವಿಶ್ವವಿದ್ಯಾಲಯದವರು ಇದನ್ನು `nara_wpe` ಎಂಬ ಉಚಿತ ಪೈಥಾನ್ ಪ್ಯಾಕೇಜಾಗಿ ಕೊಟ್ಟಿದ್ದಾರೆ. 48 ಕಿಲೋಹರ್ಟ್ಸ್‌ನ ಫೈಲಿಗೆ ನಾವು ಬಳಸಿದ್ದು ಇಷ್ಟೇ:

```
Y = stft(y, size=1536, shift=384).transpose(2, 0, 1)
Z = wpe(Y, taps=30, delay=3, iterations=5)
z = istft(Z.transpose(1, 2, 0), size=1536, shift=384)
```

ಇಲ್ಲಿ `shift` ಎಂದರೆ 8 ಮಿಲಿಸೆಕೆಂಡಿನ ಹೆಜ್ಜೆ. `delay=3` ಎಂದರೆ ಪಕ್ಕದ 24 ಮಿಲಿಸೆಕೆಂಡನ್ನು ಮುಟ್ಟಬೇಡ ಎಂದು ಹೇಳಿದಂತೆ. ಮಾತಿನ ಸ್ವರಕ್ಕೂ ತನ್ನದೇ ಪುನರಾವರ್ತನೆ ಇರುತ್ತದೆ. ಈ ಅಂತರ ಬಿಡದಿದ್ದರೆ ಅದನ್ನೂ ಗುಂಗೆಂದು ತಿಳಿದು ಕಳೆದು, ಧ್ವನಿ ತೆಳ್ಳಗಾಗುತ್ತದೆ. `taps` ಎಷ್ಟು ಹಿಂದಕ್ಕೆ ನೋಡಬೇಕು ಎಂಬುದರ ಅಳತೆ. ಉದಾಹರಣೆಗಳಲ್ಲಿ ಇರುವ 10ನ್ನೇ ಇಟ್ಟರೆ 96 ಮಿಲಿಸೆಕೆಂಡು ಹಿಂದಿನವರೆಗೆ ಮಾತ್ರ ನೋಡುತ್ತದೆ. ನಮ್ಮ ಹಾಲಿನ ಹಿಂದಿನ ಗೋಡೆಗೆ ಹೋಗಿ ಬರುವ ಸದ್ದು ನೇರ ಸದ್ದಿಗಿಂತ 34 ಮೀಟರ್ ಹೆಚ್ಚು ನಡೆದು, ಸುಮಾರು 100 ಮಿಲಿಸೆಕೆಂಡು ತಡವಾಗಿ ಬರುತ್ತಿತ್ತು. ಕೇಳಿದರೆ ಸ್ಪಷ್ಟವಾಗಿ ಬೇರೆಯಾಗಿ ತಿಳಿಯುವ ಮಾರ್ದನಿ ಅದು. 10ರಲ್ಲಿ ಅದು ಹಾಗೇ ಉಳಿಯಿತು, 30ಕ್ಕೆ ಏರಿಸಿದಾಗ ಬಹುಪಾಲು ಹೋಯಿತು. ಹಾಲಿನ ಉದ್ದ ಅಳೆಯದೆ ಈ ಅಂಕಿ ಇಡುವುದರಲ್ಲಿ ಅರ್ಥವಿಲ್ಲ.

ಡಬ್ಲ್ಯುಪಿಇ ತನ್ನ ಷರತ್ತುಗಳಲ್ಲಿ ಕಟ್ಟುನಿಟ್ಟು. ಕ್ಯಾಮೆರಾದ ಮೈಕು ಸ್ಟೀರಿಯೋ ಆಗಿದ್ದರೆ ಎರಡೂ ಚಾನೆಲ್ ಕೊಡಬೇಕು. ಮೊದಲೇ ಮೋನೋ ಮಾಡಿಬಿಟ್ಟರೆ ಅರ್ಧ ಬಲ ಹೋದಂತೆ. ಫೈಲು ಮೂಲದ್ದೇ ಇರಬೇಕು. ಗೇಟ್, ಕಂಪ್ರೆಸರ್, ನಾಯ್ಸ್ ರಿಡಕ್ಷನ್ ಆದ ಪ್ರತಿಯಲ್ಲಿ ಹಿಂದಿನ ಸದ್ದಿಗೂ ಇಂದಿನ ಸದ್ದಿಗೂ ಇದ್ದ ಲೆಕ್ಕದ ಸಂಬಂಧ ಮುರಿದಿರುತ್ತದೆ. ಫೋನಿನ ರೆಕಾರ್ಡಿಂಗುಗಳು ಸೋಲುವುದು ಇಲ್ಲಿಯೇ, ಅವುಗಳ ತಾನಾಗಿ ಏರುವ ವಾಲ್ಯೂಮಿನಿಂದ. ಮಾತಾಡುವವರು ಓಡಾಡಿದರೂ ಲೆಕ್ಕ ತಪ್ಪುತ್ತದೆ. ನಾವು ಎರಡು ಮೂರು ನಿಮಿಷದ ತುಂಡುಗಳಾಗಿ, ಒಂದರ ಮೇಲೊಂದು ಕೆಲವು ಸೆಕೆಂಡು ಬರುವಂತೆ ಕತ್ತರಿಸಿಕೊಂಡೆವು. ಕಂಪ್ಯೂಟರಿನ ಮೆಮೊರಿಗೂ ಅದು ಅನಿವಾರ್ಯ.

ಫಲಿತಾಂಶವನ್ನು ಮೊದಲ ಸಲ ಕೇಳಿದವರಿಗೆ ನಿರಾಸೆಯಾದೀತು. ಹಾಲು ಇನ್ನೂ ಹಾಲೇ. ಆದರೆ ‘ಹತ್ತಿ’ಯಲ್ಲಿ ಒತ್ತು ಕೇಳಿಸುತ್ತದೆ, ‘ಹೇಳಿದರೂ’ ಮತ್ತು ‘ಹೇಳಿದರು’ ಬೇರೆಯಾಗುತ್ತವೆ, ೞಕಾರ ಇದ್ದಂತೆಯೇ ಇದೆ. ಅದರ ಮೇಲೆ `De-reverb` ಅನ್ನು ತೀರಾ ಹಗುರವಾಗಿ ಕೊಟ್ಟೆವು, ಕೊನೆಯ ಸ್ವರಗಳು ಅಲುಗಾಡುವ ಮೊದಲೇ ನಿಲ್ಲಿಸಿದೆವು. ಅಷ್ಟು ಮಾಡಿದ ಮೇಲೆ ಒಂದು ಅಪಾಯ ಉಳಿದಿರುತ್ತದೆ. ಯೂಟ್ಯೂಬಿಗೆ ಹಾಕುವ ಮೊದಲು ದನಿ ಏರಿಸಲು ಬಲವಾದ ಕಂಪ್ರೆಸರ್ ಹಾಕುವವರಿದ್ದಾರೆ. ಅದು ಮೆಲ್ಲಗಿರುವುದನ್ನೆಲ್ಲ ಎತ್ತುತ್ತದೆ. ಕಷ್ಟಪಟ್ಟು ಇಳಿಸಿದ ಗುಂಗೂ ಅದರ ಜೊತೆಗೇ ಏರುತ್ತದೆ.

ಉಪನ್ಯಾಸದಲ್ಲಿ ಅಧ್ಯಾಪಕರು ಬೋರ್ಡಿನ ಕಡೆ ತಿರುಗಿ ಸೂತ್ರ ಬರೆಯುತ್ತಾ ಮಾತಾಡಿದ ಜಾಗಗಳಿದ್ದವು. ಅಲ್ಲಿ ಮೈಕಿಗೆ ನೇರ ಸದ್ದು ಹೋಗಿಯೇ ಇಲ್ಲ, ಹೋದದ್ದೆಲ್ಲ ಗೋಡೆಯಿಂದ ಬಂದದ್ದು. ಯಾವ ಸಾಧನವೂ ಅಲ್ಲಿ ಏನನ್ನೂ ಮರಳಿ ತರಲಿಲ್ಲ, ತರಲು ಸಾಧ್ಯವೂ ಇರಲಿಲ್ಲ. ಆ ವಾಕ್ಯಗಳನ್ನು ಅಧ್ಯಾಪಕರಿಂದಲೇ ಕೇಳಿ ಬರೆದುಕೊಂಡು, ದನಿಯನ್ನು ಇದ್ದ ಹಾಗೆ ಬಿಟ್ಟು, ಪರದೆಯ ಕೆಳಗೆ ಅಕ್ಷರದಲ್ಲಿ ಕೊಟ್ಟೆವು.