ಎರಡು ಗೆರೆ, ಎರಡು ಅರ್ಥ: ಒಂದು ಉದ್ರಿ ಪುಟದ ಓದು

ಉತ್ತರ ಕರ್ನಾಟಕದ ಕಿರಾಣಿ ಅಂಗಡಿಯೊಂದರ ಉದ್ರಿ ವಹಿಯ ಪುಟವಿದು. ನನ್ನ ಮುಂದಿರುವುದು ವಹಿಯ ಫೋಟೊಗಳು ಮಾತ್ರ. ಗಿರಾಕಿಯ ಹೆಸರು ಬಿಟ್ಟು ಆರು ಸಾಲು ಕೊಡುತ್ತಿದ್ದೇನೆ. ಕಾಣದೆ ನಾನು ತುಂಬಿದ್ದು [ ] ಒಳಗಿದೆ; ಕಂಡರೂ ಅನುಮಾನ ಉಳಿದದ್ದರ ಮುಂದೆ (?) ಇದೆ.

೧. ಕಾರ್ತಿಕ ಬ॥ ೩, ಸರ್ವಜಿತು

‘ಬ॥’ ಎಂದರೆ ಬಹುಳ, ಅಂದರೆ ಕೃಷ್ಣಪಕ್ಷ. ಅಕ್ಷರದ ಮುಂದೆ ನಿಂತ ಎರಡು ಗೆರೆ ‘ಪದವನ್ನು ಮೊಟಕುಮಾಡಿದೆ’ ಎನ್ನುವ ಗುರುತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಇದು 1947–48 ಇರಬಹುದು, 1887–88 ಕೂಡ ಇರಬಹುದು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ; ಹಾಗಾಗಿ ರೂಪಾಯಿ–ಆಣೆಯ ಲೆಕ್ಕ ಎರಡೂ ಕಾಲಕ್ಕೆ ಹೊಂದುತ್ತದೆ. ಉತ್ತರ ಮುಂದಿನ ಸಾಲಿನಲ್ಲಿದೆ.

೨. ಜೋಳ ಸೇ॥ ೮ — ೨॥

ಒಂದೇ ಸಾಲಿನಲ್ಲಿ ಎರಡು ಸಲ ‘॥’ ಬಂದಿದೆ, ಅರ್ಥ ಮಾತ್ರ ಬೇರೆ. ‘ಸೇ’ ಅಕ್ಷರದ ಮುಂದಿನದು ಮೊಟಕಿನ ಗುರುತು: ಸೇರು. ‘೨’ ಅಂಕಿಯ ಮುಂದಿನದು ಅರ್ಧ: ಎರಡೂವರೆ ರೂಪಾಯಿ. ಅಂಕಿಯ ಮುಂದೆ ಒಂದು ನೆಟ್ಟ ಗೆರೆ ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ರೂಪಾಯಿಗೆ ಹದಿನಾರು ಆಣೆಯಾದ್ದರಿಂದ ಒಂದೊಂದು ಗೆರೆಗೂ ನಾಲ್ಕಾಣೆ. ಎಂಟು ಸೇರಿಗೆ ನಲವತ್ತು ಆಣೆ ಬಿತ್ತು, ಸೇರಿಗೆ ಐದಾಣೆ. ರೂಪಾಯಿಗೆ ಮೂರು ಚಿಲ್ಲರೆ ಸೇರು ಜೋಳ 1887ರ ಸಾಧಾರಣ ದರವಾಗಲಾರದು. ಆದ್ದರಿಂದ ಇಸವಿ 1947 ಎಂದೇ ಹಿಡಿಯಬಹುದು.

೩. ಬೆಲ್ಲ ಸೇ॥ ೧(?)॥ — ೦॥।

ಬೆಲೆ ಸ್ಪಷ್ಟ: ರೂಪಾಯಿ ಸೊನ್ನೆ, ಗೆರೆ ಮೂರು, ಹನ್ನೆರಡಾಣೆ. ಅನುಮಾನ ಇರುವುದು ತೂಕದ ಅಂಕಿಯಲ್ಲಿ. ಕನ್ನಡದ ‘೧’ ಬಾಯಿ ತೆರೆದ ಸುತ್ತು, ‘೦’ ಮುಚ್ಚಿದ ಸುತ್ತು. ಶಾಯಿ ಹರಡಿದರೆ ಬಾಯಿ ಮುಚ್ಚಿಕೊಂಡು ಒಂದು ಸೊನ್ನೆಯಾಗುತ್ತದೆ. ಒಂದೂವರೆ ಸೇರು ಅರ್ಧ ಸೇರಾಗುತ್ತದೆ. ಇದೇ ಕೈ ಬರೆದ ಸೊನ್ನೆ ಬೆಲೆಯ ಅಂಕಣದಲ್ಲೇ ಇದೆ: ಚಿಕ್ಕದು, ಗುಂಡಗಿದೆ. ತೂಕದ ಅಂಕಿ ಅದರ ಒಂದೂವರೆಪಟ್ಟು ದೊಡ್ಡದು. ಹಿಗ್ಗಿಸಿ ನೋಡಿದರೆ ಕೆಳಗಡೆ ಕೂದಲೆಳೆಯ ಬಿರುಕೂ ಇದೆ. ಹಾಗಾಗಿ ‘೧’ ಎಂದು ಓದಿದ್ದೇನೆ. ಬಾಕಿ ಲೆಕ್ಕ ಬೆಲೆಯ ಮೇಲೆ ನಿಂತಿರುವುದರಿಂದ ಈ ಓದು ತಪ್ಪಿದರೂ ಅದು ಕೆಡುವುದಿಲ್ಲ.

೪. ಎಣ್ಣೆ ಪಾ॥ ೩ — ೦॥[।]

‘ಪಾ॥’ ಪಾವು, ನಾಲ್ಕು ಸೇರಿದರೆ ಒಂದು ಸೇರು. ಬೆಲೆಯಲ್ಲಿ ಎರಡು ಗೆರೆ ಕಾಣುತ್ತವೆ. ಅಲ್ಲಿಂದಾಚೆ ಹೊಲಿಗೆಯ ಮಡಿಕೆಯ ನೆರಳು ಕವಿದಿದೆ. ಮೂರನೆಯ ಗೆರೆ ಅಲ್ಲಿ ಅಡಗಿದ್ದರೆ ಹನ್ನೆರಡಾಣೆ, ಇಲ್ಲದಿದ್ದರೆ ಎಂಟಾಣೆ.

೫. ಜಮಾ ಹ॥ ಮ… — ೨।(?)

‘ಹ॥’ ಎಂದರೆ ಹಸ್ತೆ: ದುಡ್ಡು ಯಾರ ಕೈಯಲ್ಲಿ ಬಂತು ಎಂಬುದರ ದಾಖಲೆ. ‘ಮ’ ಆದಮೇಲೆ ಕಾಗದ ಹರಿದಿದೆ. ಮಗ, ಮಗಳು, ಅಥವಾ ಒಂದು ಹೆಸರಿನ ಮೊದಲಕ್ಷರ, ಏನೂ ಆಗಬಹುದು, ಊಹಿಸಿ ತುಂಬಿಲ್ಲ. ಮೊತ್ತದ ‘೨’ ದಟ್ಟವಾಗಿದೆ, ಪಕ್ಕದ ಗೆರೆ ಮಸುಕು. ಹಾಳೆಯ ಹಿಂದಿನ ಶಾಯಿ ಇತ್ತ ಇಳಿದಿರಬಹುದೇ? ಇಳಿದ ಅಕ್ಷರವಾದರೆ ತಿರುವುಮುರುವಾಗಿ ಕಂಡು ಸಿಕ್ಕಿಬೀಳುತ್ತದೆ. ನೆಟ್ಟ ಗೆರೆ ತಿರುಗಿಸಿದರೂ ನೆಟ್ಟಗೇ ಇರುತ್ತದೆ, ಆಕಾರದಿಂದ ಏನೂ ತಿಳಿಯದು.

೬. ಬಾಕಿ — ೧॥।

ಒಂದು ರೂಪಾಯಿ ಹನ್ನೆರಡಾಣೆ, ಅನುಮಾನವಿಲ್ಲ. ಇದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೇಲಿನ ಎರಡು ತೊಡಕೂ ಬಿಡಿಸಿಕೊಳ್ಳಬೇಕು ಎಂದು ಮೊದಲಿಗೆ ಅನಿಸಿತು. ಆಗಲಿಲ್ಲ. ಎಣ್ಣೆಗೆ ಎಂಟಾಣೆ ಹಿಡಿದರೆ ಒಟ್ಟು ಮೂರು ರೂಪಾಯಿ ಹನ್ನೆರಡಾಣೆ; ಅದರಲ್ಲಿ ಎರಡು ಜಮಾ ಕಳೆದರೆ ಇದೇ ಬಾಕಿ. ಹನ್ನೆರಡಾಣೆ ಹಿಡಿದರೆ ಒಟ್ಟು ನಾಲ್ಕು. ಎರಡೂಕಾಲು ಕಳೆದರೂ ಇದೇ ಬಾಕಿ. ಎರಡು ಅನುಮಾನಗಳೂ ನಾಲ್ಕಾಣೆಯವೇ ಆದ್ದರಿಂದ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಲೆಕ್ಕ ಕೂಡಿತೆಂದು ಇಲ್ಲೇ ನಿಲ್ಲಿಸಿದವರು ಯಾವ ಓದನ್ನೂ ಸಾಬೀತು ಮಾಡಿದಂತಾಗುವುದಿಲ್ಲ.

ಆದ್ದರಿಂದ ಲೆಕ್ಕದ ಹೊರಗಿನ ಸಾಕ್ಷಿ ಹುಡುಕಿದೆ. ಹಾಳೆಯ ಹಿಂಬದಿಯ ಫೋಟೊವನ್ನು ಎಡಬಲ ತಿರುಗಿಸಿ ಇದರ ಮೇಲಿಟ್ಟು ನೋಡಿದರೆ ಐದನೆಯ ಸಾಲಿನ ಆ ಜಾಗದಲ್ಲಿ ಬರಹವೇ ಇಲ್ಲ. ಅಂದಮೇಲೆ ಮಸುಕು ಗೆರೆ ಈ ಕಡೆಯದೇ. ಟಾಕಿನ ಶಾಯಿ ಮುಗಿಯುತ್ತ ಬಂದಾಗ ಎಳೆದದ್ದು. ಎರಡನೆಯ ಸಾಕ್ಷಿ ಎದುರು ಪುಟದ್ದು. ಅಲ್ಲಿ ಅದೇ ದಿನ ಒಂದು ಪಾವು ಎಣ್ಣೆಗೆ ‘೦।’ ಎಂದಿದೆ, ನಾಲ್ಕಾಣೆ. ಮೂರು ಪಾವಿಗೆ ಹನ್ನೆರಡೇ. ಎಂಟಾಣೆ ಎಂದರೆ ಪಾವಿಗೆ ಎರಡಾಣೆ ಎಂಟು ಪೈಯ ಅಡ್ಡಾದಿಡ್ಡಿ ದರವಾಗುತ್ತಿತ್ತು.

ಹೀಗಾಗಿ ಎಣ್ಣೆ ಹನ್ನೆರಡಾಣೆ, ಜಮಾ ಎರಡೂಕಾಲು ರೂಪಾಯಿ. ಐದನೆಯ ಸಾಲಿನ (?) ಈಗ ತೆಗೆಯಬಹುದು. ನಾಲ್ಕನೆಯ ಸಾಲಿನ ಗೆರೆ ಮಾತ್ರ [ ] ಒಳಗೇ ಇರಲಿ: ಅದು ಇದೆಯೆಂದು ಗೊತ್ತಾಗಿದೆ, ಕಂಡಿಲ್ಲ. ವಹಿಯನ್ನು ಬಿಚ್ಚಿ ಹೊಲಿಗೆಯ ಬಳಿ ಇನ್ನೊಂದು ಫೋಟೊ ತೆಗೆಯುವವರಿಗೆ ಎಲ್ಲಿ ನೋಡಬೇಕೆಂದು ಆ ಆವರಣವೇ ಹೇಳುತ್ತದೆ.